ಹಾಸಿಗೆಯಲ್ಲಿ ಕಳೆದ ತಿಂಗಳುಗಳು: ಮಧ್ಯಾಹ್ನ ಮುಗಿಯುತ್ತಲೇ ಇರಲಿಲ್ಲ, ಮಳೆಗಾಲ ಎಲ್ಲಿ ಹೋಯಿತೋ ಗೊತ್ತಿಲ್ಲ

ಠಾಣೆ ಟೀಚರ್

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಜೂನ್‌ನಲ್ಲಿ ನನಗೆ ಬೆನ್ನುಮೂಳೆಯ ಟಿಬಿ ಅಂತ ಗೊತ್ತಾಯಿತು. ಸೊಂಟದ ಹತ್ತಿರ ಎರಡು ಮಣಿಗಳು ಸವೆದಿದ್ದವು. ಎದ್ದು ಕೂತರೆ ಮೂಳೆ ಕುಸಿಯುವ ಅಪಾಯ ಇದೆ, ಮಲಗಿಯೇ ಇರಬೇಕು ಎಂದು ಡಾಕ್ಟರ್ ಹೇಳಿದರು. ದೀಪಾವಳಿ ಕಳೆದ ಮೇಲೆ ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ನಡೆಯಲು ಶುರು ಮಾಡಿದೆ. ಮಾತ್ರೆ ಇನ್ನೂ ನಡೆಯುತ್ತಿದೆ.

ನಾನು ಕೇಳಬೇಕು ಅಂದುಕೊಂಡಿರುವುದು ಕಾಯಿಲೆಯ ಬಗ್ಗೆ ಅಲ್ಲ, ಆ ತಿಂಗಳುಗಳ ಬಗ್ಗೆ. ಬೆಳಿಗ್ಗೆ ಹೇಗೋ ಹೋಗುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಆಮೇಲೆ ತಿಂಡಿ, ಮೈ ಒರೆಸುವುದು, ಹಾಸಿಗೆ ಬದಲಿಸುವುದು. ಮನೆಯವರು ಆಫೀಸಿಗೆ, ಮಗಳು ಕಾಲೇಜಿಗೆ ಹೋದ ಮೇಲೆ ಎರಡರಿಂದ ಐದು ಗಂಟೆಯವರೆಗಿನ ಹೊತ್ತು ಇತ್ತಲ್ಲ, ಅದು ಸರಿಯುತ್ತಲೇ ಇರಲಿಲ್ಲ. ಅರ್ಧ ಗಂಟೆ ಆಗಿರಬೇಕು ಅಂತ ಫೋನ್ ನೋಡಿದರೆ ಹತ್ತು ನಿಮಿಷವೂ ಆಗಿರುತ್ತಿರಲಿಲ್ಲ. ಅಳು ಬರುತ್ತಿತ್ತು.

ಈಗ ಅದೇ ದಿನಗಳನ್ನು ನೆನಪು ಮಾಡಿಕೊಳ್ಳಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ಇಡೀ ಮಳೆಗಾಲ ಒಂದು ವಾರದಷ್ಟು ಅನಿಸುತ್ತದೆ. ಗೌರಿ ಹಬ್ಬಕ್ಕೆ ತಂಗಿ ಬಂದು ತಲೆ ಬಾಚಿ ಹೂ ಮುಡಿಸಿದ್ದು ನೆನಪಿದೆ. ಒಂದು ರಾತ್ರಿ ಸೊಸೈಟಿಯೊಳಗೆ ನೀರು ನುಗ್ಗಿ ಎಲ್ಲರೂ ಕೂಗಾಡಿದ್ದು ನೆನಪಿದೆ. ಉಳಿದದ್ದೆಲ್ಲ ಖಾಲಿ. ಅಷ್ಟು ನಿಧಾನವಾಗಿ ಕಳೆದ ಕಾಲ ಇಷ್ಟು ಚಿಕ್ಕದಾಗಿದ್ದು ಹೇಗೆ? ನಿಮಗೆ ಯಾರಿಗಾದರೂ ಹೀಗೆ ಆಗಿದೆಯಾ?

ಈಗ ಕೇಳಲು ಕಾರಣ ಇದೆ. ಮುಂಬೈ ಹತ್ತಿರದ ಕಳವಾದಲ್ಲಿರುವ ನನ್ನ ಅಕ್ಕನ ಮಗನಿಗೂ ಇದೇ ಕಾಯಿಲೆ ಬಂದಿದೆ. ಹತ್ತೊಂಬತ್ತು ವರ್ಷದ ಹುಡುಗ. ಮೂರು ತಿಂಗಳು ಮಲಗು ಎಂದಿದ್ದಾರಂತೆ. ಅವನಿಗೆ ಏನು ಹೇಳಿಕೊಡಲಿ?

ಮೀರಾ ರೋಡ್ ಶೆಟ್ರು

ಟೀಚರೇ, ನನಗೂ 2020ರ ಲಾಕ್‌ಡೌನ್‌ನಲ್ಲಿ ಇದೇ ಆಯಿತು. ನಮ್ಮದು ಸಣ್ಣ ಹೋಟೆಲು. ಮಾರ್ಚ್‌ನಲ್ಲಿ ಶಟರ್ ಎಳೆದೆವು. ಹುಡುಗರು ಊರಿಗೆ ಹೋದರು. ನಾನು ಮನೆಯಲ್ಲೇ ಉಳಿದೆ.

ನಮ್ಮ ಮನೆ ರೈಲು ಹಳಿಯ ಪಕ್ಕ. ಮೂವತ್ತು ವರ್ಷ ಗಡಿಯಾರ ನೋಡಿದವನಲ್ಲ ನಾನು. ಬೆಳಗಿನ ಮೊದಲ ಲೋಕಲ್ ಹೋದರೆ ಏಳುವುದು, ಚರ್ಚ್‌ಗೇಟ್ ಕಡೆಗೆ ಜನ ತುಂಬಿದ ಗಾಡಿಗಳು ಶುರುವಾದರೆ ಇಡ್ಲಿ ಎರಡನೇ ಸಲ ಇಡುವುದು, ಹೀಗೆ. ಮಾರ್ಚ್ 22ರ ರಾತ್ರಿ ಲೋಕಲ್ ನಿಂತಿತು. ಜೂನ್‌ನಲ್ಲಿ ಆಸ್ಪತ್ರೆಯವರಿಗೆ, ಸರ್ಕಾರಿ ನೌಕರರಿಗೆ ಮಾತ್ರ ಬಿಟ್ಟರು. ನಮ್ಮಂಥವರು ಹತ್ತಬಹುದು ಅಂತಾದದ್ದು 2021ರ ಫೆಬ್ರವರಿ 1ಕ್ಕೆ, ಅದೂ ಇಂತಿಷ್ಟು ಹೊತ್ತಿಗೆ ಮಾತ್ರ. ಆ ಸದ್ದು ನಿಂತ ಮೇಲೆ ನನಗೆ ಹಗಲು ಯಾವಾಗ ಮಧ್ಯಾಹ್ನ ಆಯಿತು ಅಂತಲೇ ತಿಳಿಯುತ್ತಿರಲಿಲ್ಲ. ಸೋಮವಾರವೋ ಗುರುವಾರವೋ ಅದೂ ಗೊತ್ತಿಲ್ಲ.

ನನ್ನ ಹೆಂಡತಿಗೆ ಮಾತ್ರ ಹೀಗೆ ಆಗಲೇ ಇಲ್ಲ. ನಾವು ಆರು ಜನ ಮನೆಯಲ್ಲೇ, ಕೆಲಸದವಳು ಬರುವಂತಿಲ್ಲ. ದಿನ ಎಲ್ಲಿ ಹೋಗುತ್ತದೆ ಗೊತ್ತಾಗುವುದಿಲ್ಲ ಅನ್ನುತ್ತಿದ್ದಳು. ಒಂದೇ ಮನೆ, ಒಂದೇ ಗೋಡೆ. ಒಬ್ಬರಿಗೆ ನಿಧಾನ, ಒಬ್ಬರಿಗೆ ಓಟ.

ಪಿಂಪ್ರಿ ಪ್ರವೀಣ

ಇದಕ್ಕೆ ವಿಜ್ಞಾನದಲ್ಲಿ ಉತ್ತರ ಇದೆ. ಮಿಷೆಲ್ ಸಿಫ್ರ್ ಅಂತ ಫ್ರಾನ್ಸಿನ ಭೂವಿಜ್ಞಾನಿ. 1962ರಲ್ಲಿ ಆಲ್ಪ್ಸ್ ಬೆಟ್ಟದ ಒಂದು ಗುಹೆಯಲ್ಲಿ ಗಡಿಯಾರ ಇಲ್ಲದೆ ಎರಡು ತಿಂಗಳು ಇದ್ದ. ಹೊರಗೆ ಕರೆದಾಗ ಸೆಪ್ಟೆಂಬರ್ 14. ಅವನ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಇಪ್ಪತ್ತೈದು ದಿನ ಮಾಯ! ಮೇಲಿದ್ದವರ ಜೊತೆ ಫೋನ್‌ನಲ್ಲಿ ಮಾತಾಡುವಾಗ ಒಂದರಿಂದ ನೂರಿಪ್ಪತ್ತರವರೆಗೆ ಸೆಕೆಂಡಿಗೆ ಒಂದರಂತೆ ಎಣಿಸು ಎಂದರೆ ಸುಮಾರು ಐದು ನಿಮಿಷ ತೆಗೆದುಕೊಳ್ಳುತ್ತಿದ್ದ. ಅಂದರೆ ಒಳಗೆ ಕೂಡಿಹಾಕಿದರೆ ದೇಹದ ಗಡಿಯಾರ ನಿಧಾನವಾಗಿ 48 ಗಂಟೆಗೆ ಒಂದು ದಿನ ಆಗುತ್ತದೆ. ಟೀಚರ್ ಅವರಿಗೂ ಅದೇ ಆಗಿದೆ.

ಖಡಕಿ ಅಕ್ಕ

ಪ್ರವೀಣ, ಸಿಫ್ರ್ ಕತೆ ನಿಜ. ಆದರೆ ನೀವು ತೆಗೆದ ತೀರ್ಮಾನ ಅರ್ಧ ಮಾತ್ರ ಸರಿ. ಆ ಮೊದಲ ಸಲ ಅವನ ನಿದ್ದೆ ಎಚ್ಚರದ ಸುತ್ತು 24 ಗಂಟೆಗಿಂತ ಸ್ವಲ್ಪವೇ ಜಾಸ್ತಿ ಇತ್ತು. 48 ಗಂಟೆಯ ಸುತ್ತು ಕಂಡದ್ದು ಆಮೇಲಿನ ಗುಹೆವಾಸಗಳಲ್ಲಿ, ಅದೂ ಎಲ್ಲಾ ದಿನ ಅಲ್ಲ. ಅಂದರೆ 1962ರಲ್ಲಿ ದೇಹ ದಿನವನ್ನು ಹೆಚ್ಚುಕಡಿಮೆ ಸರಿಯಾಗಿಯೇ ಎಣಿಸುತ್ತಿತ್ತು. ತಪ್ಪಿದ್ದು ಮನಸ್ಸಿನ ಲೆಕ್ಕ. ಅಲ್ಲದೆ ಅವನು ಕತ್ತಲೆಯಲ್ಲಿದ್ದ. ಟೀಚರ್ ಅವರಿಗೆ ಕಿಟಕಿ ಇತ್ತು, ಫೋನ್ ಇತ್ತು, ಐದಕ್ಕೆ ಮಗಳು ಬರುತ್ತಿದ್ದಳು.

ನಾನು ಬೆನ್ನುಮೂಳೆ ಪೆಟ್ಟಾದವರ ಜೊತೆ ಆಕ್ಯುಪೇಶನಲ್ ಥೆರಪಿಸ್ಟ್ ಆಗಿ, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವವಳಾಗಿ, ತುಂಬಾ ವರ್ಷ ಕೆಲಸ ಮಾಡಿದವಳು. ಈಗ ನಿವೃತ್ತಿ. ಟೀಚರ್ ಹೇಳಿದ ಮಾತನ್ನು ವಾರ್ಡಿನಲ್ಲಿ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಇದರಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತಿದೆ.

ಹೊತ್ತು ಹೋಗುತ್ತಿರುವಾಗ ಅದು ಉದ್ದವೋ ಗಿಡ್ಡವೋ ಅನ್ನುವುದು ಗಮನದ ಮೇಲೆ ನಿಂತಿದೆ. ಕೈಗೆ ಕೆಲಸ ಇಲ್ಲ, ನೋವಿದೆ, ಐದು ಗಂಟೆಗಾಗಿ ಕಾಯುತ್ತಿದ್ದೀರಿ. ಆಗ ಗಮನ ಬೇರೆಲ್ಲೂ ಹೋಗುವುದಿಲ್ಲ, ಹೊತ್ತಿನ ಮೇಲೆಯೇ ಕೂರುತ್ತದೆ. ಹಾಗೆ ನೋಡುತ್ತಾ ಕೂತ ಹೊತ್ತು ಬೆಳೆಯುತ್ತದೆ. ಶೆಟ್ಟರ ಮನೆಯವರಿಗೆ ಆ ಪುರುಸೊತ್ತೇ ಇರಲಿಲ್ಲ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ರೂತ್ ಆಗ್ಡನ್ ಎಂಬ ಮನೋವಿಜ್ಞಾನಿ ಲಾಕ್‌ಡೌನ್‌ನಲ್ಲಿದ್ದ ಜನರನ್ನು ಕೇಳಿ ನೋಡಿದರು. ಶೇಕಡಾ 80ಕ್ಕಿಂತ ಜಾಸ್ತಿ ಜನ ಕಾಲದ ಓಟ ಬದಲಾಗಿದೆ ಎಂದರು. ಕೆಲವರಿಗೆ ವೇಗ, ಕೆಲವರಿಗೆ ನಿಧಾನ. ವಯಸ್ಸಾದವರು, ಕೆಲಸ ಕಡಿಮೆ ಇದ್ದವರು, ಒತ್ತಡದಲ್ಲಿದ್ದವರು, ಜನರ ಒಡನಾಟ ಸಾಲದು ಅಂದವರು, ಇವರಿಗೇ ನಿಧಾನ ಅನಿಸಿದ್ದು ಹೆಚ್ಚು.

ಹೊತ್ತು ಕಳೆದ ಮೇಲೆ ಹಿಂದಿರುಗಿ ಅಳೆಯುವುದು ಬೇರೆ ಕೆಲಸ. ಅಲ್ಲಿ ಗಮನ ಇಲ್ಲ, ನೆನಪು ಮಾತ್ರ ಇದೆ. ಎಷ್ಟು ಬೇರೆ ಬೇರೆ ಸಂಗತಿ ನೆನಪಿನಲ್ಲಿ ನಿಂತಿದೆಯೋ ಅಷ್ಟು ಉದ್ದ ಅನಿಸುತ್ತದೆ. ಒಂದೇ ಸೂರು, ಒಂದೇ ಫ್ಯಾನು, ಒಂದೇ ಊಟ ಆದರೆ ಮನಸ್ಸು ನೂರು ಮಧ್ಯಾಹ್ನಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ನಿಮಗೆ ತಂಗಿ ಮತ್ತು ನುಗ್ಗಿದ ನೀರು ಮಾತ್ರ ಸಿಕ್ಕಿತು. ಆಗ ನಿಧಾನ ಅನಿಸಿದ್ದೂ ಈಗ ಚಿಕ್ಕದು ಅನಿಸುವುದೂ ಎರಡೂ ಸುಳ್ಳಲ್ಲ.

ಡೊಂಬಿವಲಿ ಸೊಸೆ

ಅಕ್ಕಾ, ಮಧ್ಯೆ ಬಂದು ಕೇಳುತ್ತಿದ್ದೇನೆ. ನಮ್ಮ ಅತ್ತೆಗೆ ಎಪ್ಪತ್ತೆಂಟು. ಬಾತ್‌ರೂಮಿನಲ್ಲಿ ಜಾರಿ ತೊಡೆಯ ಮೂಳೆ ಮುರಿದು ಆಪರೇಷನ್ ಆಗಿದೆ. ಮನೆಗೆ ಬಂದು ವಾರವಾಯಿತು. ಮೊದಲು ಚೆನ್ನಾಗಿಯೇ ಇದ್ದರು. ಮೊನ್ನೆಯಿಂದ ರಾತ್ರಿ ಎರಡಕ್ಕೆ ಎದ್ದು ಬೆಳಗಾಯಿತು, ಹಾಲು ಕಾಯಿಸು ಅನ್ನುತ್ತಾರೆ. ಹಗಲೆಲ್ಲ ಮಂಪರು. ನಿನ್ನೆ ತೀರಿಕೊಂಡ ಮಾವನವರನ್ನು ಊಟಕ್ಕೆ ಕರೆದರು. ಇದೂ ಮಲಗಿ ಮಲಗಿ ಕಾಲ ತಪ್ಪಿದ್ದೇ ಅಲ್ವಾ? ಕಿಟಕಿ ತೆರೆದಿಟ್ಟರೆ ಸರಿಹೋಗುತ್ತದಾ?

ಖಡಕಿ ಅಕ್ಕ

ಇಲ್ಲಮ್ಮ, ಇದು ಬೇರೆ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಟೀಚರ್‌ಗೆ ಹೊತ್ತು ನಿಧಾನ ಅನಿಸುತ್ತಿತ್ತು, ಆದರೆ ಇವತ್ತು ಯಾವ ವಾರ, ತಾನು ಎಲ್ಲಿದ್ದೇನೆ ಅಂತ ಕೇಳಿದರೆ ಹೇಳುತ್ತಿದ್ದರು. ಅತ್ತೆಯವರಿಗೆ ಒಂದೆರಡು ದಿನದಲ್ಲಿ ಏಕಾಏಕಿ ಗೊಂದಲ ಬಂದಿದೆ, ಒಮ್ಮೆ ಸರಿ ಒಮ್ಮೆ ಮಂಪರು. ಹಳಬರು ಸನ್ನಿ ಅನ್ನುತ್ತಿದ್ದರಲ್ಲ, ಅದು ಇರಬಹುದು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ನೋವಿನ ಅಥವಾ ನಿದ್ದೆಯ ಮಾತ್ರೆ, ಮೂತ್ರ ಕಟ್ಟಿರುವುದು, ಮಲಬದ್ಧತೆ, ಇವೆಲ್ಲ ಕಾರಣ ಆಗಬಹುದು. ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ, ಬಹಳ ಸಲ ಗುಣವೂ ಆಗುತ್ತದೆ. ವಯಸ್ಸಾಯಿತು ಅಂತ ಬಿಟ್ಟರೆ ಅಪಾಯ.

ಅದರ ಜೊತೆಗೆ ಕನ್ನಡಕ ಹಾಕಿ. ಕಿವಿಯ ಮಷಿನ್ ಇದ್ದರೆ ಅದನ್ನೂ ಹಾಕಿ. ಹಗಲು ಬೆಳಕಿನಲ್ಲಿ ಇರಿಸಿ, ರಾತ್ರಿ ಟ್ಯೂಬ್‌ಲೈಟ್ ಬೇಡ. ದೊಡ್ಡ ಅಂಕಿಯ ಗಡಿಯಾರ ಮತ್ತು ಕ್ಯಾಲೆಂಡರ್ ಕಣ್ಣಿಗೆ ಬೀಳುವಂತೆ ಇಡಿ. ಆದರೆ ಮೊದಲು ಫೋನ್.

ಡೊಂಬಿವಲಿ ಸೊಸೆ

ಮಾಡಿದೆ ಅಕ್ಕಾ. ಸಂಜೆ ಕರೆದುಕೊಂಡು ಬನ್ನಿ, ಮಾತ್ರೆಗಳ ಚೀಟಿ ಎಲ್ಲಾ ತನ್ನಿ ಎಂದರು.

ಠಾಣೆ ಟೀಚರ್

ಖಡಕಿ ಅಕ್ಕ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನನಗೆ ಬುದ್ಧಿ ಮಂಕಾಗಿದೆಯೇನೋ ಎಂಬ ಹೆದರಿಕೆ ಇತ್ತು, ಅದು ಹೋಯಿತು. ಈಗ ಹುಡುಗನ ವಿಷಯ ಹೇಳಿ.

ಖಡಕಿ ಅಕ್ಕ

ಮೊದಲು ಒಂದು ಮಾತು. ಅವನು ನಿಜವಾಗಿಯೂ ಮೂರು ತಿಂಗಳು ಪೂರ್ತಿ ಮಲಗಬೇಕಾ ಅಂತ ಡಾಕ್ಟರನ್ನು ಬಿಡಿಸಿ ಕೇಳಿ. ಮೂಳೆ ಗಟ್ಟಿ ನಿಂತಿದ್ದು ಕಾಲಿನ ಶಕ್ತಿ ಸರಿ ಇದ್ದರೆ ಈಗ ಬೆಲ್ಟ್ ಹಾಕಿ ಬೇಗ ಎಬ್ಬಿಸುವವರೇ ಜಾಸ್ತಿ. ಊಟಕ್ಕೆ ಕೂರಬಹುದಾ, ಸಂಡಾಸಿಗೆ ನಡೆಯಬಹುದಾ, ಎಷ್ಟು ದಿನದ ಮೇಲೆ ಮತ್ತೆ ಎಕ್ಸ್‌ರೇ, ಇದನ್ನೆಲ್ಲ ಬರೆಸಿಕೊಳ್ಳಿ. ಸುಮ್ನೆ ‘ರೆಸ್ಟ್’ ಅಂತ ಹೇಳಿ ಕಳಿಸಿದರೆ ಮನೆಯವರು ಹೆದರಿ ಬೇಕಾದ್ದಕ್ಕಿಂತ ಜಾಸ್ತಿ ಮಲಗಿಸುತ್ತಾರೆ. ಕಾಲು ಜೋಮು ಹಿಡಿದರೆ, ಶಕ್ತಿ ಕಡಿಮೆಯಾದರೆ, ಮೂತ್ರದ ಹಿಡಿತ ತಪ್ಪಿದರೆ ಮುಂದಿನ ತಾರೀಕಿಗೆ ಕಾಯಬಾರದು.

ಇನ್ನು ಹೊತ್ತಿನ ವಿಷಯ. ಒಬ್ಬರ ಕತೆ ಹೇಳುತ್ತೇನೆ. ವಿಜಯಪುರದ ಕಡೆಯವರು, ಭೋಸರಿಯಲ್ಲಿ ಕಟ್ಟಡದ ಕೆಲಸ. ಸಾರುವೆಯಿಂದ ಬಿದ್ದು ಬೆನ್ನು ಮುರಿದಿತ್ತು. ಕಾಲು ಉಳಿದಿತ್ತು, ಆದರೆ ವಾರಗಟ್ಟಲೆ ಮಲಗಬೇಕಿತ್ತು. ಅವರು ದಿನವಿಡೀ ಮಲಗಿ ನಿದ್ದೆ ಮಾಡಿ, ರಾತ್ರಿಯೆಲ್ಲ ಎಚ್ಚರ ಇರುತ್ತಿದ್ದರು. ವಾರ್ಡಿನ ರಾತ್ರಿ ಎಷ್ಟು ಉದ್ದ ಅಂತ ಅಲ್ಲಿ ಇದ್ದವರಿಗೇ ಗೊತ್ತು.

ನಾವು ಮೊದಲು ಮಾಡಿದ್ದು ಬೆಳಕಿನ ಕೆಲಸ. ಮಂಚವನ್ನು ಕಿಟಕಿಯ ಕಡೆ ತಿರುಗಿಸಿದೆವು. ಎದ್ದ ತಕ್ಷಣ ಪರದೆ ಸರಿಸುವುದು, ಹಗಲು ನಿದ್ದೆ ಊಟದ ನಂತರ ಅರ್ಧ ಗಂಟೆ ಮಾತ್ರ, ರಾತ್ರಿ ಫೋನ್ ದೂರ. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ದಿನಾ ಸರಿ ಮಾಡುತ್ತದೆ. ಸುಮಾರು ಹತ್ತು ದಿನಕ್ಕೆ ರಾತ್ರಿಯ ನಿದ್ದೆ ತಿರುಗಿ ಬಂತು.

ಆಮೇಲೆ ದಿನವನ್ನು ತುಂಡು ಮಾಡಿದೆವು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕಿತ್ತು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹೆಗಲು, ಸೊಂಟ, ಮೊಣಕಾಲು ಒಟ್ಟಿಗೆ, ದಿಮ್ಮಿ ಉರುಳಿಸಿದ ಹಾಗೆ. ಪ್ರತಿ ಮಗ್ಗುಲಿಗೂ ಒಂದು ಬೇರೆ ಕೆಲಸ ಕಟ್ಟಿದೆವು. ಎಡ ಮಗ್ಗುಲಾದರೆ ರೇಡಿಯೋ. ಬಲ ಮಗ್ಗುಲಾದರೆ ಪಕ್ಕದ ಹಾಸಿಗೆಯವರ ಜೊತೆ ಮಾತು. ಬೆನ್ನ ಮೇಲಿದ್ದಾಗ ಪಾದ ಮೇಲೆ ಕೆಳಗೆ ಆಡಿಸುವ ವ್ಯಾಯಾಮ. ಅದರಿಂದ ಕಾಲಿನಲ್ಲಿ ರಕ್ತ ಓಡುತ್ತದೆ, ಮೀನಖಂಡ ಪೂರ್ತಿ ಸೊರಗುವುದಿಲ್ಲ.

ಕೊನೆಗೆ ನೆನಪಿನ ಕೆಲಸ. ಒಂದು ನೋಟ್‌ಬುಕ್. ದಿನಕ್ಕೆ ಒಂದೇ ಸಾಲು, ಆದರೆ ನಿನ್ನೆ ಆಗದೆ ಇವತ್ತು ಆದದ್ದನ್ನೇ ಬರೆಯಬೇಕು. ಅವರಿಗೆ ಬರೆಯಲು ಬರುತ್ತಿರಲಿಲ್ಲ, ಹೇಳುತ್ತಿದ್ದರು, ನಾವು ಬರೆಯುತ್ತಿದ್ದೆವು. ‘ಊರಿಂದ ಫೋನ್, ತೊಗರಿ ಹೂ ಬಿಟ್ಟಿದೆ.’ ‘ಮೂಲೆಯ ಹಾಸಿಗೆಯ ಅಜ್ಜ ಮನೆಗೆ ಹೋದ.’ ಬರೆಯಲು ಏನೂ ಇಲ್ಲದ ದಿನ ನಾವು ಏನಾದರೂ ಬದಲಿಸುತ್ತಿದ್ದೆವು. ಮಂಚದ ದಿಕ್ಕು, ಊಟದ ಹೊತ್ತು, ಗೋಡೆಯ ಚಿತ್ರ.

ಒಂದನ್ನು ಸ್ಪಷ್ಟವಾಗಿ ಹೇಳಬೇಕು. ನೋಟ್‌ಬುಕ್ಕಿನಿಂದ ಅವರ ಮಧ್ಯಾಹ್ನ ಚಿಕ್ಕದಾಗಲಿಲ್ಲ. ನೋವು ಜಾಸ್ತಿ ಇದ್ದ ದಿನ ಯಾವ ಉಪಾಯವೂ ನಡೆಯುತ್ತಿರಲಿಲ್ಲ, ನೋವು ಹೊತ್ತನ್ನು ಹಿಡಿದು ನಿಲ್ಲಿಸುತ್ತದೆ. ಮಾತ್ರೆಯ ಸಮಯ ಸರಿಮಾಡಿದ್ದೇ ಅಲ್ಲಿ ಕೆಲಸ ಮಾಡಿದ್ದು. ಆದರೆ ಮನೆಗೆ ಹೋಗುವಾಗ ಅವರು ಆ ಪುಟಗಳನ್ನು ಮಗನಿಂದ ಓದಿಸಿ ಕೇಳಿದರು. ಪ್ರತಿ ಸಾಲಿಗೂ ಇನ್ನೊಂದಿಷ್ಟು ನೆನಪು ಬಿಚ್ಚಿಕೊಂಡಿತು.

ವಾಸ್ಕೋ ಅಮ್ಮ

ನನ್ನದು ಬೇರೆ ಕತೆ. ಎರಡನೇ ಬಸುರಿನಲ್ಲಿ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರು, ಹಾಸಿಗೆಯಲ್ಲೇ ಇರಿ ಎಂದಿದ್ದರು. ಈಗ ಹಾಗೆ ಎಲ್ಲರಿಗೂ ಹೇಳುವುದಿಲ್ಲವಂತೆ. ನನ್ನ ತಿಂಗಳುಗಳು ಮಾಯವಾಗಲಿಲ್ಲ. ಒಂದೊಂದು ವಾರವೂ ನೆನಪಿದೆ. ಯಾಕಂದರೆ ಪ್ರತಿ ವಾರಕ್ಕೂ ಬೆಲೆ ಇತ್ತು. 28 ವಾರ ಆದರೆ ಮಗು ಬದುಕುವ ಭರವಸೆ ಎಷ್ಟೋ ಜಾಸ್ತಿ ಎಂದಿದ್ದರು. ಆಮೇಲೆ 32. ಆಮೇಲೆ 34. 37ಕ್ಕೆ ಹೊಲಿಗೆ ಬಿಚ್ಚಿದರು. ಪ್ರತಿ ಮಂಗಳವಾರ ನನಗೆ ಹೊಸ ವಾರ ಶುರುವಾಗುತ್ತಿತ್ತು. ಬೈನಾದ ನಮ್ಮ ಮನೆಯಲ್ಲಿ ಆ ದಿನ ಅಮ್ಮ ಗೋಧಿ ಹುಗ್ಗಿ ಮಾಡುತ್ತಿದ್ದಳು.

ಆ ಹುಡುಗನಿಗೂ ಹಾಗೆ ಮೆಟ್ಟಿಲು ಇದ್ದರೆ ಒಳ್ಳೆಯದು ಅನಿಸುತ್ತದೆ. ಬರೀ ‘ಮೂರು ತಿಂಗಳು’ ಅಂದರೆ ನಡುವೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಖಡಕಿ ಅಕ್ಕ

ಇದು ನನಗೆ ತುಂಬಾ ಹಿಡಿಸಿತು. ಅವನ ಚಿಕಿತ್ಸೆಯಲ್ಲೂ ಮೆಟ್ಟಿಲು ಇದೆ. ಸಾಮಾನ್ಯವಾಗಿ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ಮೂರು. ಒಟ್ಟು ಒಂದು ವರ್ಷವೋ ಇನ್ನೂ ಜಾಸ್ತಿಯೋ. ಒಂದು ಔಷಧಿ ಕಡಿಮೆಯಾಗುವ ದಿನ, ಕಣ್ಣಿನ ಪರೀಕ್ಷೆಯ ದಿನ, ಎಕ್ಸ್‌ರೇ ದಿನ, ಮೊದಲ ಸಲ ಕೂರುವ ದಿನ. ಇವನ್ನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆದರೆ ಏಳುವ ತಾರೀಕನ್ನು ಮಾತ್ರ ಗಟ್ಟಿಯಾಗಿ ಬರೆಯಬೇಡಿ. ಎಕ್ಸ್‌ರೇ ನೋಡಿ ಇನ್ನೂ ಎರಡು ವಾರ ಅಂದರೆ ಹುಡುಗ ಕುಸಿದು ಹೋಗುತ್ತಾನೆ.

ಮೊದಲ ಸಲ ಕೂರಿಸುವಾಗ ಇಬ್ಬರಿರಿ. ಮಲಗಿದ್ದವರಿಗೆ ಏಳುವಾಗ ಬಿಪಿ ಇಳಿದು ತಲೆ ತಿರುಗುತ್ತದೆ.

ಪಿಂಪ್ರಿ ಪ್ರವೀಣ

ಒಪ್ಪಿದೆ ಅಕ್ಕಾ. ಆದರೆ ಗಡಿಯಾರ? ಹೊತ್ತಿನ ಮೇಲೆ ಗಮನ ಹೋದರೆ ಅದು ಉದ್ದವಾಗುತ್ತದೆ ಅಂದರೆ ಹುಡುಗನ ಕೋಣೆಯಿಂದ ಗಡಿಯಾರ ತೆಗೆಯುವುದೇ ಸರಿ ಅಲ್ವಾ?

ವಾಸ್ಕೋ ಅಮ್ಮ

ಬೇಡ. ನಾನು ಮಲಗಿದ್ದಾಗ ನನ್ನ ಅತ್ತಿಗೆ ಅದೇ ಮಾಡಿದ್ದಳು. ಎಷ್ಟಾಯಿತು ಎಂದು ಎಲ್ಲರನ್ನೂ ಕೇಳುವಂತಾಯಿತು. ಕೇಳಿದ ಪ್ರತಿ ಸಲವೂ ಯಾರಿಗೋ ತೊಂದರೆ ಕೊಡುತ್ತಿದ್ದೇನೆ ಎಂಬ ಸಂಕಟ. ಗಡಿಯಾರ ವಾಪಸ್ ಬಂದ ಮೇಲೆ ಜೀವ ತಣ್ಣಗಾಯಿತು.

ಮೀರಾ ರೋಡ್ ಶೆಟ್ರು

ನನ್ನ ಮಟ್ಟಿಗೆ ಅಂಕಿಗಿಂತ ಸದ್ದು ಒಳ್ಳೆಯದು. ನೋಡದೆಯೇ ತಿಳಿಯುತ್ತದೆ. ಕಳವಾದಲ್ಲಿ ಲೋಕಲ್ ಸದ್ದು ಕೇಳುವುದಿಲ್ಲವಾ?

ಖಡಕಿ ಅಕ್ಕ

ವಯಸ್ಸಾದವರಿಗೆ ಗಡಿಯಾರ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹತ್ತೊಂಬತ್ತರ ಹುಡುಗನಿಗೆ ನಾನಾದರೆ ಕಣ್ಣೆದುರಿನ ಗೋಡೆಯಲ್ಲಿ ಇಡುವುದಿಲ್ಲ, ತಲೆ ತಿರುಗಿಸಿದರೆ ಕಾಣುವ ಕಡೆ ಇಡುತ್ತೇನೆ. ಆದರೆ ಕಣ್ಣೆದುರೇ ಬೇಕು ಎಂದು ಹಟ ಹಿಡಿದವರನ್ನೂ, ಅದರಿಂದ ನೆಮ್ಮದಿ ಕಂಡವರನ್ನೂ ನೋಡಿದ್ದೇನೆ. ಅವನನ್ನೇ ಕೇಳಿ.

ಇನ್ನೊಂದು. ಊಟ ಸೇರದೆ, ಯಾರ ಜೊತೆಗೂ ಮಾತು ಬೇಡ ಅಂತ ಎರಡು ವಾರ ಕಳೆದರೆ ಅದನ್ನು ಬೇಜಾರು ಅಂತ ತಳ್ಳಿಹಾಕಬೇಡಿ. ಡಾಕ್ಟರಿಗೆ ಹೇಳಿ. ಟಿಬಿ ಮಾತ್ರೆಯಿಂದ ಲಿವರ್‌ಗೆ ತೊಂದರೆಯಾದರೂ ಮೊದಲು ಊಟವೇ ಸೇರುವುದಿಲ್ಲ. ಕಣ್ಣು ಹಳದಿಯಾದರೆ ಅಥವಾ ವಾಂತಿ ನಿಲ್ಲದಿದ್ದರೆ ಅದೇ ದಿನ ಹೋಗಬೇಕು. ಮೂತ್ರ ಕೆಂಪು ಬಣ್ಣ ಬರುವುದಕ್ಕೆ ಮಾತ್ರ ಹೆದರಬೇಡಿ, ಅದು ರಿಫಾಂಪಿಸಿನ್ ಎಂಬ ಟಿಬಿ ಔಷಧಿಯ ಬಣ್ಣ.

ಠಾಣೆ ಟೀಚರ್

ಭಾನುವಾರ ಕಳವಾಗೆ ಹೋಗಿದ್ದೆ. ನಾಲ್ಕು ವಾರಕ್ಕೆ ಮತ್ತೆ ಎಕ್ಸ್‌ರೇ, ಅಲ್ಲಿಯವರೆಗೆ ಬೆಲ್ಟ್ ಹಾಕಿ ಸಂಡಾಸಿಗೆ ಮಾತ್ರ ನಡೆಯಬಹುದು ಅಂತ ಅಕ್ಕ ಬರೆಸಿಕೊಂಡು ಬಂದಿದ್ದಾಳೆ. ಹುಡುಗ ನೋಟ್‌ಬುಕ್ ಒಲ್ಲೆ ಅಂದ. ದಿನಕ್ಕೊಂದು ಫೋಟೋ ತೆಗೆದು ಚಿಕ್ಕಮ್ಮನಿಗೆ ಕಳಿಸುತ್ತೇನೆ ಅಂದ. ಆಗಲಿ ಎಂದೆ. ಗಡಿಯಾರ ಕಣ್ಣೆದುರೇ ಇರಲಿ ಅಂದ.

ಒಂದು ತೊಂದರೆ. ಅವನ ಕೋಣೆಯ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದೆ. ಹಗಲಲ್ಲೂ ದೀಪ ಬೇಕು. ಹಾಲ್‌ನಲ್ಲಿ ಬೆಳಕಿದೆ, ಆದರೆ ಅಲ್ಲಿ ಟಿವಿ, ಬರುವ ಹೋಗುವ ಜನ. ಎಲ್ಲಿ ಮಲಗಿಸುವುದು?

ಖಡಕಿ ಅಕ್ಕ

ಹಗಲು ಹಾಲ್, ರಾತ್ರಿ ಕೋಣೆ ಆದರೆ ಒಳ್ಳೆಯದಿತ್ತು, ಆದರೆ ದಿನಾ ಎರಡು ಸಲ ಅವನನ್ನು ಸಾಗಿಸುವುದು ಬೆನ್ನಿಗೆ ಒಳ್ಳೆಯದಲ್ಲ. ಚಕ್ರ ಇರುವ ಆಸ್ಪತ್ರೆ ಮಂಚ ಬಾಡಿಗೆಗೆ ಸಿಗುತ್ತದೆ. ಅದು ಬಾಗಿಲಲ್ಲಿ ಹಿಡಿಯುತ್ತದೆಯಾ? ಟೇಪು ಹಿಡಿದು ಬಾಗಿಲ ಅಗಲ ಅಳೆದು ಹೇಳಿ. ಹಿಡಿಯದಿದ್ದರೆ ಹಾಲ್‌ನಲ್ಲೇ ಇರಲಿ, ರಾತ್ರಿ ಒಂಬತ್ತಕ್ಕೆ ಟಿವಿ ಬಂದ್ ಮಾಡಲು ಅಕ್ಕನ ಮನೆಯವರು ಒಪ್ಪಬೇಕು.

ಠಾಣೆ ಟೀಚರ್

ಭಾವನನ್ನು ಒಪ್ಪಿಸುವುದೇ ಕಷ್ಟ. ಅಳತೆ ನಾಳೆ ಹೇಳುತ್ತೇನೆ.